ಫರಸಿಯ ಮೇಲೆ ಪ್ಲಿಯೇ: ಕೆಲವು ಟಿಪ್ಪಣಿಗಳು

1

ಅಣ್ಣನ ದೊಡ್ಡ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಅಲ್ಲೇ ಬ್ಯಾಲೆ ಕಲಿಯಲು ಸೇರಿದ್ದಾಳೆ. ರಜೆಗೆ ಶಹಾಬಾದಿಗೆ ಬಂದಾಗ ಕಲಿತದ್ದನ್ನು ತಂಗಿಗೆ ಹೇಳಿಕೊಡುತ್ತಾಳೆ. ತಂಗಿ ಭರತನಾಟ್ಯದ ಹುಡುಗಿ. ಪಾಠ ಪಡಸಾಲೆಯಲ್ಲಿ. ಕಿಟಕಿಯ ಸರಳೇ ಹಿಡಿಕೆ. ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.

2

ನಮ್ಮ ಕಡೆ ಬ್ಯಾಲೆ ಎಂದರೆ ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳು ಆಡುವ ನೃತ್ಯರೂಪಕ. ರಾಮ, ಸೀತೆ, ಜಿಂಕೆ. ತುದಿಗಾಲಿನ ಪ್ರಶ್ನೆಯೇ ಇಲ್ಲ.

ನಮ್ಮ ಬ್ಯಾಲೆಗೂ ಆ ಬ್ಯಾಲೆಗೂ ನಂಟೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಮಾಯಾ ರಾವ್ ಕಥಕ್ ಕಲಿತವರು. 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆ ಓದಿಬಂದರು. ಆಮೇಲೆ ಅದನ್ನೇ ಕಲಿಸುವ ಸಂಸ್ಥೆ ಕಟ್ಟಿದರು.

3

ಅಕ್ಕನ ಹೇಳಿಕೆಗಳೆಲ್ಲ ಫ್ರೆಂಚ್ ಪದದಿಂದ ಶುರುವಾಗುತ್ತವೆ. ಪ್ಲಿಯೇ ಅಂದರೆ ಮಡಚಿದ್ದು. ಝೆತೇ ಅಂದರೆ ಎಸೆದದ್ದು. ಅರಬೆಸ್ಕ್ ಅಂದರೆ ಅರಬ್ಬರ ಬಗೆಯದು.

ಮಾಸ್ಕೋದಲ್ಲೂ ಟೋಕಿಯೋದಲ್ಲೂ ಇವೇ ಪದಗಳಂತೆ. ರಷ್ಯದವರು ಬ್ಯಾಲೆಯಲ್ಲಿ ಫ್ರೆಂಚರನ್ನು ಮೀರಿಸಿದರು. ಪದಗಳನ್ನು ಮಾತ್ರ ಬದಲಾಯಿಸಲಿಲ್ಲ.

4

ಫ್ರಾನ್ಸಿನ 14ನೇ ಲೂಯಿ ತಾನೇ ಕುಣಿಯುತ್ತಿದ್ದ ದೊರೆ. 1653ರಲ್ಲಿ ಸೂರ್ಯನ ವೇಷ ಹಾಕಿ ಕುಣಿದ. 1661ರಲ್ಲಿ ಹದಿಮೂರು ನೃತ್ಯಗುರುಗಳನ್ನು ಸೇರಿಸಿ ರಾಜ ಅಕಾಡೆಮಿ ಮಾಡಿದ. ಅವನ ಆಸ್ಥಾನದ ಪಿಯೆರ್ ಬೋಷಾಂ ಪಾದಗಳ ಐದು ಸ್ಥಾನಗಳನ್ನು ಗೊತ್ತುಮಾಡಿದ ಎನ್ನುತ್ತಾರೆ. ಐದೂ ಇಂದಿಗೂ ಹಾಗೇ ಇವೆ.

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕನ್ನಡ ಕವಿಗಳು ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬ ಪುಸ್ತಕ ಹುಟ್ಟಿತು. ದೊರೆಗಳಿಗೆ ಇದೊಂದು ಗೀಳು ಇರಬೇಕು.

5

ಪ್ಲಿಯೇ. ಎರಡೂ ಹಿಮ್ಮಡಿ ಜೋಡಿಸಿ, ಬೆರಳುಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನಿಲ್ಲಬೇಕು. ಇದು ಒಂದನೇ ಸ್ಥಾನ. ಬೆನ್ನು ನೆಟ್ಟಗಿಟ್ಟುಕೊಂಡು ಮೊಣಕಾಲು ಮಡಚುತ್ತ ಇಳಿಯಬೇಕು. ಹಿಮ್ಮಡಿ ಏಳಲು ಹವಣಿಸುವ ಹೊತ್ತಿಗೆ ನಿಲ್ಲಿಸಿ ಮೇಲೆ ಬರಬೇಕು. ಇದು ಅರ್ಧ ಪ್ಲಿಯೇ.

ಇನ್ನೂ ಇಳಿದರೆ ಪೂರ್ಣ ಪ್ಲಿಯೇ. ಅಲ್ಲಿ ಹಿಮ್ಮಡಿ ಏಳಬಹುದು. ಆದರೆ ಇಳಿಯುವಾಗ ಆದಷ್ಟು ತಡವಾಗಿ ಏಳಬೇಕು, ಹತ್ತುವಾಗ ಆದಷ್ಟು ಬೇಗ ನೆಲಕ್ಕೆ ಮರಳಬೇಕು. ಕಾಲುಗಳನ್ನು ಅಗಲಿಸಿ ನಿಲ್ಲುವ ಎರಡನೇ ಸ್ಥಾನದಲ್ಲಿ ಮಾತ್ರ ಪೂರ್ಣ ಪ್ಲಿಯೇಗೂ ಹಿಮ್ಮಡಿ ಏಳುವುದಿಲ್ಲ.

ಎಷ್ಟು ಆಳಕ್ಕೆ ಇಳಿಯಬೇಕು ಎಂದು ಯಾರೂ ಅಳತೆ ಕೊಡುವುದಿಲ್ಲ. ಅವರವರ ಹಿಮ್ಮಡಿಯ ನರ ಎಷ್ಟು ಹಿಗ್ಗುತ್ತದೋ ಅಷ್ಟು.

6

ತಂಗಿ ಮೊದಲ ಸಲಕ್ಕೇ ಚೆನ್ನಾಗಿ ಇಳಿದಳು. ಇಳಿದವಳು ಅಲ್ಲೇ ನಿಂತಳು.

"ಏಳs."

"ಯಾಕ? ಸರಿ ಕುಂತೀನಲ್ಲ ಅಕ್ಕಾ."

"ಇದು ಕುಂದ್ರೋದಲ್ಲ. ಕೆಳಗ ಹೋದಕೂಡ್ಲೇ ಮ್ಯಾಲ ಬರಬೇಕು."

ಭರತನಾಟ್ಯದ ಅರಮಂಡಿಯಲ್ಲಿ ಇಳಿದ ಮೇಲೆ ಅಲ್ಲೇ ಇರುತ್ತಾರೆ. ಅಡವುಗಳೆಲ್ಲ ಅಲ್ಲಿಂದಲೇ. ಎದ್ದರೆ ಗುರು ಬೈಯುತ್ತಾರೆ. ಪ್ಲಿಯೇಯಲ್ಲಿ ತಳ ಮುಟ್ಟಿ ಅರೆಗಳಿಗೆ ತಂಗಿದರೂ ಬೈಗುಳ. ತಂಗಿದರೆ ತೊಡೆಯ ಸ್ನಾಯು ಸೆಟೆದುಕೊಳ್ಳುತ್ತದೆ, ಮೇಲೆ ಹಾರುವ ಸೆಳೆತ ಹೋಗುತ್ತದೆ.

ಫೋಟೋ ತೆಗೆದರೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

7

ಪಡಸಾಲೆಯ ಫರಸಿ ಎರಡಡಿಗೆ ಎರಡಡಿ. ಬೂದು ಬಣ್ಣ. ಸಂದುಗಳಲ್ಲಿ ಸಿಮೆಂಟು. ನಾಲ್ಕು ಕಲ್ಲು ಕೂಡುವ ಮೂಲೆಯಲ್ಲಿ ಅಕ್ಕ ತಂಗಿಯ ಹಿಮ್ಮಡಿ ಇರಿಸಿದಳು.

ತಂಗಿ ಎರಡೂ ಪಾದಗಳನ್ನು ಎಡ ಬಲದ ಸಂದಿಗೆ ಸರಿಯಾಗಿ ಕೂಡಿಸಿದಳು. ಪಾದಗಳು ಒಂದೇ ಗೆರೆಯಲ್ಲಿ. ಮೊಬೈಲಿನಲ್ಲಿ ನೋಡಿದ ರಷ್ಯದ ಹುಡುಗಿಯರು ಹಾಗೇ ನಿಲ್ಲುತ್ತಾರೆ.

ಅಕ್ಕ ಮಡಚಲು ಹೇಳಿದಳು. ಮಡಚಿದಳು. ಮೊಣಕಾಲು ಪಾದದ ಮೇಲೆ ಹೋಗಲಿಲ್ಲ. ಮುಂದಕ್ಕೆ ಹೋಯಿತು. ಅಂಗಾಲಿನ ಕಮಾನು ಚಪ್ಪಟೆಯಾಗಿ ಕಲ್ಲಿಗೆ ಅಂಟಿತು. ಹೆಬ್ಬೆರಳ ಕಡೆಗೆ ಭಾರವೆಲ್ಲ ಬಿತ್ತು. ಕಿರುಬೆರಳು ಎದ್ದಿತ್ತು.

8

ಎದುರು ಮನೆ ಕಟ್ಟುತ್ತಿದ್ದಾರೆ. ಅಲ್ಲಿನ ಗೌಂಡಿಯಿಂದ ತೂಗುಗುಂಡು ತಂದರು. ತಂಗಿ ಮೊಣಕಾಲು ಮಡಚಿ ನಿಂತಳು. ಅಕ್ಕ ಮೊಣಕಾಲ ಚಿಪ್ಪಿನ ನಡುವಿನಿಂದ ದಾರ ಇಳಿಬಿಟ್ಟಳು. ಗುಂಡು ಪಾದದ ಮೇಲಿರಲಿಲ್ಲ. ಹೆಬ್ಬೆರಳಿನಾಚೆ ಬರಿ ಕಲ್ಲಿನ ಮೇಲೆ ತೂಗಾಡಿತು.

ಪಾದಗಳನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ ಮತ್ತೆ ಇಳಿಬಿಟ್ಟರು. ಹೆಬ್ಬೆರಳಿನ ಅಂಚು. ಇನ್ನೂ ಸ್ವಲ್ಪ. ಪಾದ ಕಲ್ಲಿನ ಮೂಲೆಯಿಂದ ಮೂಲೆಗೆ, ಕರ್ಣದ ಗುಂಟ ಬಂದಾಗ ಗುಂಡು ಎರಡನೇ ಬೆರಳಿನ ನೇರಕ್ಕೆ ನಿಂತಿತು. ಕಮಾನು ಮರಳಿ ಎದ್ದಿತು. ಕಿರುಬೆರಳು ನೆಲ ಮುಟ್ಟಿತು.

ಒಂದೊಂದು ಪಾದ 45 ಡಿಗ್ರಿ. ಎರಡೂ ಸೇರಿ 90. ತಂಗಿಯ ತೊಡೆಯ ಕೀಲು ಹೊರಕ್ಕೆ ತಿರುಗುವುದು ಸದ್ಯಕ್ಕೆ ಅಷ್ಟೇ. ಉಳಿದ ತಿರುವನ್ನು ಅವಳು ಮೊಣಕಾಲಿನಿಂದಲೂ ಹರಡಿನಿಂದಲೂ ಕದ್ದಿದ್ದಳು. ಮೊಣಕಾಲು ಬಾಗಿಲ ತಿರುಗಣಿಯಂತೆ, ಅದಕ್ಕೆ ಗೊತ್ತಿರುವುದು ತೆರೆಯುವುದು ಮತ್ತು ಮುಚ್ಚುವುದು.

ಗೌಂಡಿ ಗುಂಡು ಕೇಳಿಕೊಂಡು ಬಂದವನು ಬಾಗಿಲಲ್ಲೇ ನಿಂತು ನೋಡಿದ. "ಗ್ವಾಡಿ ಸೊಟ್ಟ ಅದ ಏನ್ರಿ?" ಎಂದ.

9

ಕಿಟಕಿಯ ಸರಳನ್ನು ಬೆರಳು ಮೇಲಿಟ್ಟಷ್ಟೇ ಹಿಡಿಯಬೇಕು. ಪರೀಕ್ಷೆ: ಪ್ಲಿಯೇಯ ನಡುವೆ ಅಕ್ಕ "ಕೈ ಬಿಡು" ಎನ್ನುತ್ತಾಳೆ. ತಂಗಿ ಹಿಂದಕ್ಕೆ ಬಿದ್ದರೆ ಅದುವರೆಗೆ ನಿಂತಿದ್ದು ಕಾಲಲ್ಲ, ಕೈ.

10

ಝೆತೇ. ಪದ ಒಂದೇ, ಮಾಡುವ ಕೆಲಸ ಎರಡು.

ಹಿಡಿಕೆಯ ಪಕ್ಕ ನಿಂತು ಮಾಡುವ ಝೆತೇಯಲ್ಲಿ ಯಾರೂ ಹಾರುವುದಿಲ್ಲ. ಪಾದ ನೆಲವನ್ನು ಸವರಿಕೊಂಡು ಚಟ್ಟನೆ ಹೊರಗೆ ಹೋಗುತ್ತದೆ, ನೆಲದಿಂದ ಗೇಣಷ್ಟೂ ಏಳದೆ ಗಾಳಿಯಲ್ಲಿ ನಿಂತು ಮರಳುತ್ತದೆ. ಎಸೆದದ್ದು ಕಾಲು ಮಾತ್ರ. ಇದನ್ನೇ ಇಂಗ್ಲೆಂಡಿನ ಒಂದು ಪದ್ಧತಿಯವರು ಗ್ಲಿಸೇ ಎನ್ನುತ್ತಾರೆ, ಇಟಲಿಯ ಚೆಕೆಟ್ಟಿ ಪದ್ಧತಿಯವರು ದೆಗಾಜೇ ಎನ್ನುತ್ತಾರೆ. ಮೊಬೈಲು ನೋಡಿ ಕಲಿಯುವವರು ಮೂರು ಬೇರೆ ಹೆಜ್ಜೆ ಎಂದುಕೊಂಡು ಮೂರನ್ನೂ ಹುಡುಕುತ್ತಾರೆ.

ನಡುಮನೆಗೆ ಬಂದು ಮಾಡುವ ಝೆತೇ ಹಾರುವುದು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ. ಎರಡೂ ಕಾಲಿನಿಂದ ಹಾರಿ ಎರಡಕ್ಕೂ ಇಳಿದರೆ ಅದು ಝೆತೇ ಅಲ್ಲ, ಅದಕ್ಕೆ ಬೇರೆ ಪದ.

11

ಅಕ್ಕ ಸಣ್ಣ ಝೆತೇಯನ್ನು ತುಂಡು ಮಾಡಿ ತೋರಿಸಿದಳು. ಮೊದಲು ಎಡಗಾಲಿನ ಮೇಲೆ ಅರ್ಧ ಪ್ಲಿಯೇ. ಆಗಲೇ ಬಲಗಾಲು ನೆಲ ಸವರಿ ಪಕ್ಕಕ್ಕೆ ಹೋಗುತ್ತದೆ. ಎಡಗಾಲು ನೆಲವನ್ನು ಒದ್ದು ನೆಟ್ಟಗಾಗುತ್ತದೆ. ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿ. ಬಲಗಾಲು ಇಳಿಯುತ್ತದೆ: ಬೆರಳ ತುದಿ, ಬೆರಳ ಬುಡ, ಹಿಮ್ಮಡಿ, ಮತ್ತೆ ಅರ್ಧ ಪ್ಲಿಯೇ. ಎಡ ಪಾದ ಬಲಗಾಲಿನ ಹರಡಿನ ಹಿಂದೆ ಬಂದು ಕೂಡುತ್ತದೆ.

ಮೊದಲೂ ಪ್ಲಿಯೇ, ಕೊನೆಗೂ ಪ್ಲಿಯೇ. ಮೊದಲಿನದು ಮೇಲೆತ್ತಲು. ಕೊನೆಯದು ಇಳಿದ ಭಾರವನ್ನು ಸಾವಕಾಶ ಹೀರಿಕೊಳ್ಳಲು. ಅದೇ ಮುಂದಿನ ಹಾರಿಕೆಗೆ ಮೊದಲಿನದೂ ಆಗುತ್ತದೆ.

12

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಕಣ್ಣು ಬೇಡ. ಅಡುಗೆಮನೆಯಿಂದ ಅತ್ತಿಗೆ ಹೇಳುತ್ತಾರೆ. ಧಪ್ ಎಂದರೆ ಹಿಮ್ಮಡಿ ಕೊನೆಗೆ ಒಮ್ಮೆಲೇ ಬಿತ್ತು, ಇಲ್ಲವೇ ಮೊಣಕಾಲು ಮಡಚಲೇ ಇಲ್ಲ. ಸದ್ದಿಲ್ಲದಿದ್ದರೆ ಸರಿ.

ಸದ್ದಿಲ್ಲದಿದ್ದರೂ ಒಂದು ತಪ್ಪು ಇರಬಹುದು. ಹಿಮ್ಮಡಿ ನೆಲಕ್ಕೆ ಮುಟ್ಟದೆ ಬೆರಳ ಬುಡದ ಮೇಲೇ ಮುಂದಿನ ಹಾರಿಕೆಗೆ ಹೋಗುವುದು. ಕಿವಿಗೆ ಅದು ಸಿಗುವುದಿಲ್ಲ. ಮೀನಖಂಡ ಕಲ್ಲಾದ ಮೇಲೆ ಗೊತ್ತಾಗುತ್ತದೆ.

ಭರತನಾಟ್ಯದ ತಟ್ಟಡವಿನಲ್ಲಿ ಸದ್ದು ಬಾರದಿದ್ದರೆ ತಪ್ಪು.

13

ಶಹಾಬಾದಿನಲ್ಲಿ ಕಲ್ಲು. ವಾಡಿಯಲ್ಲಿ ಸಿಮೆಂಟು. ಸೇಡಂನಲ್ಲಿ ಸಿಮೆಂಟು. ಚಿತ್ತಾಪುರದ ಸುತ್ತ ಮತ್ತೆ ಕಲ್ಲು. ಎಷ್ಟೋ ಊರುಗಳ ಮನೆಗಳಿಗೆ ಇಲ್ಲಿಂದ ನೆಲ ಹೋಗುತ್ತದೆ.

ಬ್ಯಾಲೆಗೆ ಆಗದ ನೆಲಗಳು ಯಾವುವು ಎಂದು ಅಕ್ಕನನ್ನು ಕೇಳಿದೆ. ಮೊದಲು ಕಲ್ಲು ಎಂದಳು, ಆಮೇಲೆ ಸಿಮೆಂಟು ಎಂದಳು.

14

ಫರಸಿ ಬಿರುಸು. ನೂರು ವರ್ಷ ತುಳಿದರೂ ನುಣುಪಾಗುತ್ತದೆ ಹೊರತು ಬಗ್ಗುವುದಿಲ್ಲ. ಹಾರಿ ಇಳಿದಾಗ ಮೈಯ ತೂಕದ ಹಲವು ಪಟ್ಟು ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ನೆಲ ಏನನ್ನೂ ತೆಗೆದುಕೊಳ್ಳದಿದ್ದರೆ ಅಷ್ಟನ್ನೂ ಪಾದ, ಕಣಕಾಲು, ಮೊಣಕಾಲು ಹಂಚಿಕೊಳ್ಳಬೇಕು.

ಅಕ್ಕ ಕಲಿಯುವ ಕಡೆ ನೆಲ ಮರದ್ದು. ಕಾಂಕ್ರೀಟಿನ ಮೇಲೆ ರಬ್ಬರಿನ ತುಂಡುಗಳು. ಅವುಗಳ ಮೇಲೆ ಅಡ್ಡಡ್ಡ ಮರದ ಪಟ್ಟಿಗಳು. ಪಟ್ಟಿಗಳ ಮೇಲೆ ಪ್ಲೈವುಡ್ಡಿನ ಎರಡು ಪದರ, ಕೆಳಗಿನದರ ಸಂದು ಮೇಲಿನದರ ಸಂದಿಗೆ ಸೇರದ ಹಾಗೆ. ಎಲ್ಲಕ್ಕಿಂತ ಮೇಲೆ ಕಾಲು ಜಾರದ ವಿನೈಲ್ ಹಾಸು. ನಿಂತರೆ ಗಟ್ಟಿ. ಹಾರಿ ಇಳಿದರೆ ಒಂದಿಷ್ಟು ತಗ್ಗಿ ಮತ್ತೆ ಏಳುತ್ತದೆ.

15

ಅಣ್ಣ ಗಾದಿ ಹಾಸಿ ಕೊಟ್ಟ. ಅಕ್ಕ ಮಡಚಿ ಇಟ್ಟಳು. ಗಾದಿ ಕಾಲಿಟ್ಟಲ್ಲಿ ಮಾತ್ರ ತಗ್ಗುತ್ತದೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ. ಹರಡು ಹೊರಳುವುದು ಅಲ್ಲೇ. ನೆಲ ತಗ್ಗಿದರೆ ಇಡಿಯಾಗಿ ತಗ್ಗಬೇಕು.

16

ತಂಗಿ ಅಕ್ಕ ಇಲ್ಲದ ಹೊತ್ತಿನಲ್ಲಿ ಫರಸಿಯ ಮೇಲೇ ಹಾರಿದ್ದಾಳೆ. ಕೆಲವು ದಿನಗಳ ಮೇಲೆ ಕಣಕಾಲಿನ ಒಳಬದಿ ನೋವು ಎಂದಳು.

ಅಕ್ಕ ಎಲುಬಿನ ಅಂಚಿನ ಗುಂಟ ಹೆಬ್ಬೆರಳು ಒತ್ತಿಕೊಂಡು ಹೋದಳು. ನೋವು ಗೇಣುದ್ದಕ್ಕೂ ಹರಡಿತ್ತು. ಆಟ ಶುರುಮಾಡುವಾಗ ಹೆಚ್ಚು, ಕೂತರೆ ಕಡಿಮೆ. ಹಾರುವುದು ಬಿಟ್ಟರೆ ಇಂಥ ನೋವು ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬೆರಳಿನಿಂದ "ಇಲ್ಲೇ" ಎಂದು ತೋರಿಸುವಂತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎಲುಬಿನಲ್ಲಿ ಕೂದಲೆಳೆಯ ಸೀಳು ಇರಬಹುದು. ಆಗ ಮನೆಯಲ್ಲಿ ಕೂತು ಎಣ್ಣೆ ತಿಕ್ಕುವುದಲ್ಲ, ಎಲುಬಿನ ಡಾಕ್ಟರಿಗೆ ತೋರಿಸಬೇಕು. ಮೊದಲ ವಾರಗಳಲ್ಲಿ ಎಕ್ಸರೇಯಲ್ಲಿ ಆ ಸೀಳು ಕಾಣದೆಯೂ ಹೋಗಬಹುದು.

ತಂಗಿಯದು ಗೇಣುದ್ದದ್ದು. ಝೆತೇ ನಿಂತಿತು. ಈಗ ಅದನ್ನು ನಡೆದು ಮಾಡುತ್ತಾಳೆ. ಸವರು, ಮಡಚು, ಭಾರ ದಾಟಿಸು, ಮಡಚು. ನೆಲ ಬಿಡುವಂತಿಲ್ಲ.

17

ನೆಲವನ್ನು ತಟ್ಟುವ ಕುಣಿತ ಕಲ್ಲಿನ ದೇವಾಲಯಗಳಲ್ಲಿ ಬೆಳೆಯಿತು. ನೆಲವನ್ನು ಬಿಡುವ ಕುಣಿತಕ್ಕೆ ಮರ ಬೇಕು.

ತಟ್ಟುವವರ ಹಿಮ್ಮಡಿಗೂ ಕಲ್ಲು ಕರುಣೆ ತೋರುವುದಿಲ್ಲ ಎಂದು ತಂಗಿಯ ಭರತನಾಟ್ಯದ ಟೀಚರ್ ಹೇಳುತ್ತಾರೆ. ಅವರೇ ಮನೆಯಲ್ಲಿ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ.

18

ರುಕ್ಮಿಣಿ ದೇವಿ ಅರುಂಡೇಲ್ ಮೊದಲು ಕಲಿತ ನೃತ್ಯ ಭರತನಾಟ್ಯವಲ್ಲ, ಬ್ಯಾಲೆ. ರಷ್ಯದ ಅನ್ನಾ ಪಾವ್ಲೋವಾ ಪರಿಚಯವಾಗಿ, ಅವರ ತಂಡದ ಕ್ಲಿಯೋ ನೋರ್ಡಿ ಪಾಠ ಹೇಳಿದರು. ನಿಮ್ಮ ನಾಡಿನ ನೃತ್ಯವನ್ನು ನೋಡಿ ಎಂದವರು ಪಾವ್ಲೋವಾ. 1936ರಲ್ಲಿ ಮದ್ರಾಸಿನಲ್ಲಿ ಕಲಾಕ್ಷೇತ್ರ ಶುರುವಾಯಿತು.

ತಂಗಿಗೆ ಇದನ್ನು ಹೇಳಿದೆ. "ಅವರು ಆ ಕಡಿಂದ ಈ ಕಡಿ ಬಂದಾರ, ನಾ ಈ ಕಡಿಂದ ಆ ಕಡಿ ಹೊಂಟೀನಿ" ಎಂದಳು.

19

ಅರಬೆಸ್ಕ್. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ನೀಡುವುದು. ಹಿಂದಿನ ಮೊಣಕಾಲು ನೆಟ್ಟಗಿರಬೇಕು. ಮಡಚಿದರೆ ಅದು ಅರಬೆಸ್ಕ್ ಅಲ್ಲ, ಆಟಿಟ್ಯೂಡ್. ಒಂದು ಮೊಣಕಾಲಿನ ಮೇಲೆ ಹೆಸರು ನಿಂತಿದೆ.

ಕೈಗಳನ್ನು ಎಲ್ಲಿಡಬೇಕು ಎಂಬುದರ ಮೇಲೆ ಒಂದನೇ ಅರಬೆಸ್ಕ್, ಎರಡನೇ ಅರಬೆಸ್ಕ್ ಎಂದು ಎಣಿಕೆ. ಒಂದನೆಯದರಲ್ಲಿ ನಿಂತ ಕಾಲಿನ ಕಡೆಯ ಕೈ ಮುಂದೆ. ಎರಡನೆಯದರಲ್ಲಿ ಎತ್ತಿದ ಕಾಲಿನ ಕಡೆಯ ಕೈ ಮುಂದೆ. ಇಲ್ಲಿಯವರೆಗೆ ಜಗಳವಿಲ್ಲ. ಮೂರಕ್ಕೆ ಬಂದರೆ ರಷ್ಯದವರದೇ ಬೇರೆ, ಚೆಕೆಟ್ಟಿಯವರದೇ ಬೇರೆ. ರಷ್ಯದಲ್ಲಿ ಎಣಿಕೆ ನಾಲ್ಕಕ್ಕೆ ಮುಗಿಯುತ್ತದೆ. ಚೆಕೆಟ್ಟಿಯವರದು ಐದಕ್ಕೆ.

20

ಕಲಬುರಗಿಯ ಬಹಮನಿ ಗುಮ್ಮಟಗಳಲ್ಲಿ ಗಾರೆಯ ಬಳ್ಳಿ ಹೂವಿನ ಕೆಲಸ ಇದೆ. ಅಂಥ ಚಿತ್ತಾರಕ್ಕೂ ಯುರೋಪಿನವರು ಇಟ್ಟ ಹೆಸರು ಅರಬೆಸ್ಕ್. ಚಿತ್ತಾರದ ಹೆಸರು ಮೊದಲು, ಕಾಲಿನದು ಆಮೇಲೆ.

21

ಕಾಲು ಎಷ್ಟು ಹಿಂದಕ್ಕೆ ಹೋಗುತ್ತದೆ? ಮೈ ಅಲುಗಿಸದೆ ನಿಂತು ನೋಡಿದೆವು. ತೊಡೆಯ ಕೀಲಿನಿಂದ ಹಿಂದಕ್ಕೆ ಹೋಗುವುದು ಬಹಳ ಕಡಿಮೆ, ಹತ್ತಿಪ್ಪತ್ತು ಡಿಗ್ರಿ. ವೇದಿಕೆಯ ಮೇಲೆ ಕಾಲು ಟೊಂಕದ ಎತ್ತರಕ್ಕೆ ಬರುವುದು ಕಾಲಿನಿಂದಲ್ಲ. ಟೊಂಕ ಮುಂದಕ್ಕೆ ವಾಲುತ್ತದೆ, ಬೆನ್ನು ಮೇಲಕ್ಕೆ ಬಾಗುತ್ತದೆ. ನೋಡುವವರ ಕಣ್ಣು ಕಾಲಿನ ಮೇಲಿರುತ್ತದೆ, ಕೆಲಸ ಮಾಡುವುದು ಬೆನ್ನು.

ತಂಗಿ ಕಾಲು ಎತ್ತರಿಸುವ ಆಸೆಗೆ ಟೊಂಕವನ್ನು ಪಕ್ಕಕ್ಕೆ ತೆರೆದಳು. ಕಾಲು ಹಿಂದೆ ಇರಲಿಲ್ಲ, ಓರೆಯಾಗಿ ಪಕ್ಕಕ್ಕೆ ಹೋಗಿತ್ತು. ಅಕ್ಕ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಟೊಂಕದ ಎರಡು ಎಲುಬುಗಳೂ ಗೋಡೆಯನ್ನೇ ನೋಡುತ್ತಿರಬೇಕು. ಕಾಲು ಇಳಿಯಿತು, ಇಳಿಯಿತು, ಕೊನೆಗೆ ಬೆರಳ ತುದಿ ಫರಸಿಗೆ ಮುಟ್ಟಿತು.

"ಅಲ್ಲೇ ಇರ್ಲಿ. ಅದೂ ಅರಬೆಸ್ಕೇ" ಎಂದಳು ಅಕ್ಕ. ಬೆರಳ ತುದಿ ನೆಲದ ಮೇಲಿದ್ದರೆ ಅದಕ್ಕೆ ನೆಲದ ಅರಬೆಸ್ಕ್ ಎಂಬ ಅರ್ಥದ ಹೆಸರೇ ಇದೆ. ಶುರುಮಾಡುವವರು ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ.

22

ಲಾ ಬಯದೇರ್ ಎಂಬ ಬ್ಯಾಲೆ 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆಯಿತು. ಸಂಯೋಜಿಸಿದವರು ಮಾರಿಯುಸ್ ಪೆತಿಪಾ. ಕಥೆ ಭಾರತದ್ದು. ನಾಯಕಿ ದೇವಾಲಯದ ನರ್ತಕಿ, ಹೆಸರು ನಿಕಿಯಾ. ಯಾವ ಊರಿನಲ್ಲಿ ಆ ಹೆಸರಿಡುತ್ತಾರೋ.

ಅದರಲ್ಲಿ ನೆರಳುಗಳ ಲೋಕ ಎಂಬ ದೃಶ್ಯ. ಬಿಳಿ ಉಡುಪಿನ ಹುಡುಗಿಯರು ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಪ್ರತಿಯೊಬ್ಬರೂ ಮಾಡುವುದು ಒಂದೇ: ಅರಬೆಸ್ಕ್, ಹಿಂದಕ್ಕೆ ಬಾಗುವುದು, ಎರಡು ಹೆಜ್ಜೆ. ಮತ್ತೆ ಅರಬೆಸ್ಕ್. 32 ಮಂದಿ ಇರುವ ಪ್ರದರ್ಶನದಲ್ಲಿ ಮೊದಲು ಬಂದವಳು ಕೊನೆಯವಳು ಇಳಿಯುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಮಾಡಿರುತ್ತಾಳೆ. ಅದೂ ಇಳಿಜಾರಿನ ಮೇಲೆ. ನಿಂತ ಕಾಲಿನ ಮೊಣಕಾಲು ಪ್ರತಿ ಸಲ ಮಡಚುತ್ತದೆ. ಅಲ್ಲೂ ಪ್ಲಿಯೇ.

ತಂಗಿ ಮೊಬೈಲಿನಲ್ಲಿ ಅದನ್ನು ನೋಡುತ್ತ ನಿದ್ದೆ ಹೋದಳು. ಅತ್ತಿಗೆ ಕೊನೆಯವರೆಗೆ ನೋಡಿದರು.

23

ಭರತನಾಟ್ಯದ ಟೀಚರ್ ದೂರು ಕಳಿಸಿದ್ದಾರೆ. ಹುಡುಗಿ ಅರಮಂಡಿಯಲ್ಲಿ ನಿಲ್ಲುತ್ತಿಲ್ಲ, ಏಳುತ್ತಾಳೆ ಇಳಿಯುತ್ತಾಳೆ.

24

ಪಡಸಾಲೆಗೂ ಮರದ ನೆಲ ಹಾಕಿಸೋಣ ಎಂದುಕೊಂಡೆವು. ನಮ್ಮ ಸುತ್ತ ಕಾಡು ಇರುವುದು ಚಿಂಚೋಳಿಯ ಕಡೆ. ಅದು ವನ್ಯಜೀವಿ ಧಾಮ.

ಪ್ಲೈವುಡ್ ಮಾತ್ರ ಎಲ್ಲ ಊರಿನಲ್ಲೂ ಸಿಗುತ್ತದೆ. ಎಂಟಡಿಗೆ ನಾಲ್ಕಡಿಯ ಹಾಳೆ. ಬಡಗಿಯನ್ನು ಕರೆಸಿ ಅಕ್ಕ ಬರೆದ ಚಿತ್ರ ತೋರಿಸಿದೆವು: ರಬ್ಬರು, ಪಟ್ಟಿ, ಹಾಳೆ, ಹಾಳೆ. ಮದುವೆಯ ಸ್ಟೇಜೇ ಎಂದು ಕೇಳಿದ. ಅಲ್ಲ ಎಂದೆವು. ಚಿತ್ರವನ್ನು ತಿರುಗಿಸಿ ನೋಡಿದ.

"ರಬ್ಬರ್ ಹಾಕಿದ್ರ ಅಲಗಾಡ್ತದ್ರಿ."

"ಅಲಗಾಡ್ಲಿ ಅಂತನೇ ಹಾಕೋದು" ಎಂದಳು ಅಕ್ಕ.

"ಹಂಗಾದ್ರ ಆಮ್ಯಾಲ ನನ್ನ ಕರೀಬ್ಯಾಡ್ರಿ, ಸಡ್ಲ ಆಗ್ಯಾದ ಅಂತ."

25

ನಾಲ್ಕು ಹಾಳೆ ತರಿಸಿದ್ದೇವೆ. ಎರಡು ಕೆಳಗೆ, ಎರಡು ಮೇಲೆ, ಅಡ್ಡಲಾಗಿ. ಎಂಟಡಿ ಚೌಕ. ಪ್ಲಿಯೇ ಹಿಡಿಸುತ್ತದೆ. ಅರಬೆಸ್ಕ್ ಹಿಡಿಸುತ್ತದೆ, ಕಿಟಕಿಯ ಕಡೆ ಮುಖ ಮಾಡಿದರೆ. ಸಣ್ಣ ಝೆತೇ ಹಿಡಿಸುತ್ತದೆ. ದೊಡ್ಡ ಝೆತೇಗೆ ಓಡಿಬರಬೇಕು. ಓಟ ಫರಸಿಯ ಮೇಲೆ, ಇಳಿಯುವುದು ಮರದ ಮೇಲೆ ಮಾಡಬಹುದೇ ಎಂದು ತಂಗಿ ಕೇಳಿದಳು. ಅಂಚಿಗೆ ಎಡವುತ್ತೀ ಎಂದು ಅಕ್ಕ ಬೇಡವೆಂದಳು. ಅಂಚಿನ ಎತ್ತರ ನಾಲ್ಕು ಬೆರಳು.